ಸರ್ವರ್ ಹೆಚ್ಚಿಸಿದ ಮೇಲೆ ಐದು ನಿಮಿಷ ತಾಳ್ಮೆ

ಪರೀಕ್ಷೆಯ ಫಲಿತಾಂಶ ಹೊರಬೀಳುವ ಬೆಳಿಗ್ಗೆ. ಜಾಲತಾಣವೊಂದರ ನಾಲ್ಕು ಸರ್ವರ್‌ಗಳ ಸಿಪಿಯು ಬಳಕೆ ದಿಢೀರನೆ ಶೇ 75ಕ್ಕೆ ಏರಿದೆ ಎಂದುಕೊಳ್ಳಿ.

ಅಮೆಜಾನ್ ಕ್ಲೌಡ್‌ನಲ್ಲಿ ಇಂಥ ಸರ್ವರ್‌ಗಳನ್ನು ಆಟೋಸ್ಕೇಲಿಂಗ್ ಗುಂಪಿಗೆ ಸೇರಿಸಿ, ಕನಿಷ್ಠ 2, ಗರಿಷ್ಠ 10 ಎಂದು ಮಿತಿ ಹಾಕಬಹುದು. ಯಾವಾಗ ಎಷ್ಟು ಹೆಚ್ಚಿಸಬೇಕು ಎಂಬ ನಿಯಮವೇ ಸ್ಕೇಲಿಂಗ್ ಪಾಲಿಸಿ. ಅತಿ ಸರಳ ಪಾಲಿಸಿ ಹೀಗಿರುತ್ತದೆ: ಬಳಕೆ ಶೇ 70 ದಾಟಿದರೆ ಎರಡು ಸರ್ವರ್ ಸೇರಿಸು.

ತೊಡಕು ಇಲ್ಲೇ ಇದೆ. ಹೊಸ ಸರ್ವರ್ ಎದ್ದು ಕೆಲಸಕ್ಕಿಳಿಯಲು ಮೂರು ನಿಮಿಷ ಬೇಕು. ಅಲ್ಲಿಯವರೆಗೆ ಹಳೆಯವುಗಳ ಹೊರೆ ಇಳಿಯುವುದಿಲ್ಲ. ನಿಮಿಷಕ್ಕೊಮ್ಮೆ ಅಳತೆ ನೋಡಿ ಮತ್ತೆರಡು, ಮತ್ತೆರಡು ಎಂದು ಸೇರಿಸುತ್ತ ಹೋದರೆ ಆರು ಸಾಕಾಗುವಲ್ಲಿ ಹತ್ತು ನಿಲ್ಲುತ್ತವೆ, ಬಾಡಿಗೆಯೂ ಏರುತ್ತದೆ. ಆಮೇಲೆ ಹೊರೆ ತೀರಾ ಇಳಿದು ಅವೇ ಸರ್ವರ್‌ಗಳು ಒಂದೊಂದಾಗಿ ಮುಚ್ಚುತ್ತವೆ. ಗುಂಪಿನ ದಾಖಲೆಯಲ್ಲಿ ಈ ಏರಿಳಿತ ಪದೇ ಪದೇ ಕಂಡರೆ ರೋಗ ಇದೇ.

ಇದಕ್ಕೆ ಮದ್ದು ಕೂಲ್‌ಡೌನ್. ಒಮ್ಮೆ ಹೆಚ್ಚಿಸಿದ ಮೇಲೆ ಸರಳ ಪಾಲಿಸಿ ಇಷ್ಟು ಹೊತ್ತು ಸುಮ್ಮನಿರಬೇಕು. ನಾವು ಬದಲಿಸದಿದ್ದರೆ ಅದು 300 ಸೆಕೆಂಡು.

ಶೇ 50ರ ಗುರಿ ಕೊಟ್ಟರೆ ಲೆಕ್ಕವನ್ನು ತಾನೇ ಹಾಕುವ ಪಾಲಿಸಿಯೂ ಇದೆ: ನಾಲ್ಕನ್ನು 75ರಿಂದ ಗುಣಿಸಿ 50ರಿಂದ ಭಾಗಿಸಿದರೆ ಆರು. ಅದಕ್ಕೆ ಕೂಲ್‌ಡೌನ್ ಅನ್ವಯಿಸದು; ಹೊಸ ಸರ್ವರ್ ಸಜ್ಜಾಗಲು ಬೇಕಾದ ವಾರ್ಮ್‌ಅಪ್ ಸಮಯವನ್ನು ತಿಳಿಸಬೇಕು.