ಒಂದು ಹನಿಯ ಬಿಸಿ

ಲಡಾಖಿಗೋ ಕೈಲಾಸ ಯಾತ್ರೆಗೋ ಹೊರಟವರಿಗೆ ವೈದ್ಯರು ಅಸಿಟಜೋಲಮೈಡ್ ಮಾತ್ರೆ ಬರೆದುಕೊಡುವುದುಂಟು. ಎತ್ತರದ ಜಾಗದಲ್ಲಿ ತಲೆನೋವು, ವಾಕರಿಕೆ ಕಾಡದಿರಲಿ ಎಂದು. ಈ ಔಷಧ ಹೋಗಿ ಹಿಡಿಯುವುದು ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು. ಆ ಕಿಣ್ವದಲ್ಲೊಂದು ಗುಳಿ ಇದೆ, ಗುಳಿಯ ತಳದಲ್ಲಿ ಸತುವಿನ ಒಂದು ಅಯಾನು. ಔಷಧದ ಸಲ್ಫೋನಮೈಡ್ ತುದಿ ಆ ಸತುವಿಗೆ ಅಂಟಿಕೊಂಡಿತೆಂದರೆ ಕಿಣ್ವದ ಕೆಲಸ ನಿಂತಿತು.

ಹೀಗೆ ಪ್ರೋಟೀನಿಗೆ ಅಂಟುವ ಅಣುವಿಗೆ ಲಿಗಾಂಡ್ ಎನ್ನುತ್ತಾರೆ. ಅದು ಎಷ್ಟು ಬಿಗಿಯಾಗಿ ಅಂಟುತ್ತದೆ? ಒಂದು ಪ್ರೋಟೀನಿಗೆ ಎಷ್ಟು ಅಣು ಅಂಟುತ್ತವೆ? ಪಿಯುಸಿ ಲ್ಯಾಬಿನಲ್ಲಿ ಪರ್ಮಾಂಗನೇಟ್ ಟೈಟ್ರೇಶನ್ ಮಾಡಿದವರಿಗೆ ಶಂಕುವಿನ ಫ್ಲಾಸ್ಕಿನಲ್ಲಿ ಗುಲಾಬಿ ಬಣ್ಣ ನಿಂತ ಗಳಿಗೆ ನೆನಪಿರುತ್ತದೆ. ಇಲ್ಲಿ ಅಂಥ ಬಣ್ಣವಿಲ್ಲ. ಆದರೆ ಬಿಸಿ ಇದೆ. ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಕುದಿಯುತ್ತದೆ, ಗ್ಲೂಕೋಸ್ ಪುಡಿ ನಾಲಿಗೆಗೆ ಹಾಕಿಕೊಂಡರೆ ತಣ್ಣಗಾಗುತ್ತದೆ. ಅಣುಗಳು ಒಂದನ್ನೊಂದು ಹಿಡಿದಾಗಲೂ ಹಾಗೆಯೇ, ಸಾಮಾನ್ಯವಾಗಿ ಒಂದಿಷ್ಟು ಶಾಖ ಹೊರಬೀಳುತ್ತದೆ, ಇಲ್ಲವೇ ಒಳಹೋಗುತ್ತದೆ. ಆ ಶಾಖವನ್ನೇ ಹನಿಹನಿಯಾಗಿ ಅಳೆಯುವ ವಿಧಾನಕ್ಕೆ ಐಸೋಥರ್ಮಲ್ ಟೈಟ್ರೇಶನ್ ಕ್ಯಾಲೊರಿಮೆಟ್ರಿ, ಚಿಕ್ಕದಾಗಿ ಐಟಿಸಿ ಎಂದು ಹೆಸರು.

ಯಂತ್ರದೊಳಗೆ ಒಂದೇ ಅಳತೆಯ ಎರಡು ಲೋಹದ ಕೋಶಗಳಿವೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಪ್ರೋಟೀನಿನ ದ್ರಾವಣ. ಎರಡನ್ನೂ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ಸಮನಾಗಿ ಇಡುವುದು ಯಂತ್ರದ ಕೆಲಸ. ಮೇಲಿನಿಂದ ಇಳಿದ ಸಿರಿಂಜ್ ತಿರುಗುತ್ತಾ ದ್ರಾವಣವನ್ನು ಕಲಕುತ್ತದೆ, ಎರಡು-ಎರಡೂವರೆ ನಿಮಿಷಕ್ಕೊಮ್ಮೆ ಲಿಗಾಂಡಿನ ಒಂದು ಹನಿ ಬಿಡುತ್ತದೆ. ಹನಿ ಬಿದ್ದು ಶಾಖ ಹುಟ್ಟಿದರೆ ಆ ಕೋಶಕ್ಕೆ ಕೊಡುತ್ತಿದ್ದ ವಿದ್ಯುತ್ತನ್ನು ಯಂತ್ರ ಅಷ್ಟರಮಟ್ಟಿಗೆ ತಗ್ಗಿಸುತ್ತದೆ. ಪರದೆಯ ಮೇಲೆ ಗೆರೆ ಕೆಳಗೆ ಕುಸಿದು ಮತ್ತೆ ಮೇಲೇಳುತ್ತದೆ. ಆ ಕುಸಿತದ ವಿಸ್ತೀರ್ಣವೇ ಹನಿಯ ಶಾಖ.

ಇದು ಎಷ್ಟು ಸೂಕ್ಷ್ಮ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಗೋವಿನ ಕಾರ್ಬಾನಿಕ್ ಅನ್‌ಹೈಡ್ರೇಸ್ ಮತ್ತು ಕಾರ್ಬಾಕ್ಸಿಬೆಂಜೀನ್ ಸಲ್ಫೋನಮೈಡ್ ಎಂಬ ಅಣುವಿನ ಜೋಡಿಯನ್ನು ತೆಗೆದುಕೊಳ್ಳೋಣ. ಕೋಶದಲ್ಲಿ 200 ಮೈಕ್ರೋಲೀಟರ್ ದ್ರಾವಣ, ಕಿಣ್ವದ ಸಾಂದ್ರತೆ 20 ಮೈಕ್ರೋಮೋಲಾರ್. ಸಿರಿಂಜಿನಲ್ಲಿ ಅದರ ಹತ್ತು ಪಟ್ಟು, ಅಂದರೆ 200 ಮೈಕ್ರೋಮೋಲಾರ್ ಲಿಗಾಂಡ್. ಹನಿಗೆ 2 ಮೈಕ್ರೋಲೀಟರ್. ಹಾಗಾದರೆ ಒಂದೊಂದು ಹನಿಯೂ ಕೋಶದಲ್ಲಿರುವ ಕಿಣ್ವದ ಹತ್ತನೆಯ ಒಂದು ಭಾಗಕ್ಕೆ ಸಾಕಾಗುವಷ್ಟು ಲಿಗಾಂಡ್ ತರುತ್ತದೆ. ಮೊದಲ ಹನಿಯ ಶಾಖ ಸುಮಾರು 4 ಮೈಕ್ರೋಕ್ಯಾಲೊರಿ. ಯಂತ್ರ ಸರಿದೂಗಿಸದೆ ಸುಮ್ಮನಿದ್ದರೂ ಅದರಿಂದ ಏರುವ ಉಷ್ಣತೆ ಒಂದು ಡಿಗ್ರಿಯ 50,000ದಲ್ಲಿ ಒಂದು ಪಾಲು.

ಮೊದಲ ಹನಿಗಳಲ್ಲಿ ಕಿಣ್ವ ಹೇರಳ, ಬಂದ ಲಿಗಾಂಡೆಲ್ಲ ಹೆಚ್ಚುಕಡಿಮೆ ಅಂಟಿಬಿಡುತ್ತದೆ, ಕುಸಿತಗಳು ಒಂದೇ ಆಳ. ಏಳೆಂಟು ಹನಿ ದಾಟಿದ ಮೇಲೆ ಖಾಲಿ ಗುಳಿ ಸಿಗುವುದು ಕಷ್ಟವಾಗುತ್ತಾ ಬರುತ್ತದೆ, ಶಾಖ ಇಳಿಯುತ್ತದೆ. ಹದಿನೈದು, ಹದಿನಾರಕ್ಕೆ ಬರುವಾಗ ಗೆರೆ ಅಲುಗುವುದೇ ಅಷ್ಟಕ್ಕಷ್ಟೆ. ಹನಿಗಳ ಶಾಖವನ್ನು ಲಿಗಾಂಡ್-ಕಿಣ್ವದ ಅನುಪಾತಕ್ಕೆ ಎದುರಾಗಿ ಬರೆದರೆ ಮೆಟ್ಟಿಲಿನಂಥ ಒಂದು ವಕ್ರರೇಖೆ ಸಿಗುತ್ತದೆ. ಬೇಕಾದ ಮೂರೂ ಸಂಖ್ಯೆಗಳು ಅದರಲ್ಲೇ ಇವೆ.

ಮೆಟ್ಟಿಲಿನ ಎತ್ತರ ಎಂಥಾಲ್ಪಿ, ಒಂದು ಮೋಲ್ ಲಿಗಾಂಡ್ ಅಂಟಿದಾಗ ಬಿಡುಗಡೆಯಾಗುವ ಶಾಖ. ಈ ಜೋಡಿಗೆ ಅದು ಮೈನಸ್ 10.4 ಕಿಲೋಕ್ಯಾಲೊರಿ. ಮೆಟ್ಟಿಲು ಇಳಿಯುವ ಜಾಗ ಎಷ್ಟಕ್ಕೆ ಎಷ್ಟು ಎಂಬುದನ್ನು ಹೇಳುತ್ತದೆ. ಇಲ್ಲಿ ಒಂದಕ್ಕೊಂದು, ಏಕೆಂದರೆ ಗುಳಿಯೂ ಒಂದೇ, ಸತುವೂ ಒಂದೇ. ಇನ್ನು ಆ ಇಳಿಜಾರು ಎಷ್ಟು ಕಡಿದು ಎಂಬುದರಲ್ಲಿ ವಿಯೋಜನಾ ಸ್ಥಿರಾಂಕ ಅಡಗಿದೆ.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹತ್ತನೆಯ ಹನಿಗೆ ಕೋಶದಲ್ಲಿ ಕಿಣ್ವ 20, ಲಿಗಾಂಡ್ 20 ಮೈಕ್ರೋಮೋಲಾರ್. (ಹನಿಗಳಿಂದ ದ್ರಾವಣ ತೆಳುವಾಗುವುದನ್ನು ಸದ್ಯಕ್ಕೆ ಬಿಡೋಣ.) ಎಲ್ಲವೂ ಜೋಡಿಯಾಗಿರಬೇಕಲ್ಲವೇ? ಇಲ್ಲ. 16 ಜೋಡಿಯಾಗಿರುತ್ತವೆ, 4 ಕಿಣ್ವ ಮತ್ತು 4 ಲಿಗಾಂಡ್ ಬಿಡಿಯಾಗಿ ತೇಲುತ್ತಿರುತ್ತವೆ. ಬಿಡಿಯಾಗಿರುವ ಎರಡನ್ನೂ ಗುಣಿಸಿ ಜೋಡಿಯಿಂದ ಭಾಗಿಸಿದರೆ, 4 × 4 ÷ 16, ಬರುವುದು 1 ಮೈಕ್ರೋಮೋಲಾರ್. ಅದೇ ವಿಯೋಜನಾ ಸ್ಥಿರಾಂಕ. ಈ ಸಂಖ್ಯೆ ಚಿಕ್ಕದಾದಷ್ಟೂ ಹಿಡಿತ ಬಿಗಿ. ಇಳಿಜಾರು ದುಂಡಗಾಗುವುದು ಆ ಬಿಡಿ ನಾಲ್ಕರಿಂದಲೇ.

ಹಿಡಿತ ಇದರ ಸಾವಿರ ಪಟ್ಟು ಬಿಗಿಯಾಗಿದ್ದರೆ ಬಿಡಿಯಾಗಿ ಉಳಿಯುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ಆಗ ಮೆಟ್ಟಿಲು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಎತ್ತರ ಗೊತ್ತಾಗುತ್ತದೆ, ಜಾಗ ಗೊತ್ತಾಗುತ್ತದೆ, ಹಿಡಿತ ಮಾತ್ರ ಗೊತ್ತಾಗುವುದಿಲ್ಲ. ಸಾವಿರ ಪಟ್ಟು ಸಡಿಲವಾದರೆ ಮೆಟ್ಟಿಲೇ ಇರುವುದಿಲ್ಲ, ಗೆರೆ ಚಪ್ಪಟೆ. 1989ರಲ್ಲಿ ವೈಸ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಈ ಬಗೆಯ ಯಂತ್ರವನ್ನು ವಿವರಿಸಿದಾಗಲೇ ಇದಕ್ಕೊಂದು ಅಳತೆ ಕೊಟ್ಟರು. ಕೋಶದಲ್ಲಿರುವ ಪ್ರೋಟೀನಿನ ಸಾಂದ್ರತೆಯನ್ನು ವಿಯೋಜನಾ ಸ್ಥಿರಾಂಕದಿಂದ ಭಾಗಿಸಿದರೆ ಬರುವ ಸಂಖ್ಯೆ ಸುಮಾರು 10ರಿಂದ 100ರ ನಡುವೆ ಇದ್ದರೆ ಓದು ಚೆನ್ನಾಗಿ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 20. ಹಿಡಿತ ಅತಿ ಬಿಗಿಯಾಗಿದ್ದರೆ ಜಾಣ ದಾರಿಯೊಂದಿದೆ. ಮೊದಲು ಸಡಿಲವಾಗಿ ಅಂಟುವ ಅಣುವಿನಿಂದ ಗುಳಿಗಳನ್ನು ತುಂಬಿಸಿ, ಆಮೇಲೆ ಬಿಗಿಯಾದದ್ದನ್ನು ಬಿಟ್ಟು ಹಳೆಯದನ್ನು ಹೊರದಬ್ಬಿಸುವುದು.

ಕೆಡುವ ಬಗೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಬಫರ್ ಹೊಂದದಿರುವುದು. ಲಿಗಾಂಡನ್ನು ಕರಗಿಸಲು ಸಿರಿಂಜಿನಲ್ಲಿ ಒಂದಿಷ್ಟು ಡಿಎಂಎಸ್‌ಒ ದ್ರಾವಕ ಇದ್ದು ಕೋಶದಲ್ಲಿ ಅಷ್ಟೇ ಇಲ್ಲದಿದ್ದರೆ, ಬೆರೆಯುವ ಶಾಖವೇ ಅಂಟುವ ಶಾಖವನ್ನು ನುಂಗಿಹಾಕುತ್ತದೆ. ಗುರುತು ಸುಲಭ: ಗುಳಿಗಳೆಲ್ಲ ತುಂಬಿದ ಮೇಲೂ ದೊಡ್ಡ ಕುಸಿತಗಳು ಮುಗಿಯುವುದೇ ಇಲ್ಲ. ಅದಕ್ಕೇ ಪ್ರೋಟೀನನ್ನು ಡಯಾಲಿಸಿಸ್ ಮಾಡಿ, ಹೊರಗುಳಿದ ಅದೇ ಬಫರಿನಲ್ಲಿ ಲಿಗಾಂಡನ್ನು ಕರಗಿಸುತ್ತಾರೆ. ಪ್ರೋಟೀನಿಲ್ಲದ ಬರೀ ಬಫರಿಗೂ ಒಂದು ಸರದಿ ಹನಿ ಬಿಟ್ಟು ನೋಡುತ್ತಾರೆ.

ಇದಕ್ಕಿಂತ ಸದ್ದಿಲ್ಲದ ತಪ್ಪು ಸಾಂದ್ರತೆಯದು. ಮೇಲಿನ ಕಿಣ್ವ-ಲಿಗಾಂಡ್ ಜೋಡಿಯನ್ನು 2002ರ ಸುತ್ತ 14 ಪ್ರಯೋಗಾಲಯಗಳು ಐಟಿಸಿಯಲ್ಲಿ ಅಳೆದವು. ಮೈನಸ್ 10.4 ಎಂಬುದು ಅವುಗಳ ಸರಾಸರಿ, ಆದರೆ ಹರಡು 2.5, ಅಂದರೆ ಕಾಲುಭಾಗದಷ್ಟು. ಇಷ್ಟು ಸೂಕ್ಷ್ಮವಾದ ಯಂತ್ರಕ್ಕೆ ಇಷ್ಟು ದೊಡ್ಡ ವ್ಯತ್ಯಾಸ! 2011ರಲ್ಲಿ ಟೆಲ್ಲಿಂಗ್‌ಹ್ಯೂಸನ್ ಮತ್ತು ಚೊಡೇರಾ ಈ ಮಾಹಿತಿಯನ್ನು ಮತ್ತೆ ಕೆದಕಿ ಬೊಟ್ಟು ಮಾಡಿದ್ದು ಸಿರಿಂಜಿನ ದ್ರಾವಣದ ಸಾಂದ್ರತೆಯ ಕಡೆಗೆ, ಜೊತೆಗೆ ಕುಸಿತಗಳ ಕೆಳಗೆ ಎಳೆಯುವ ಆಧಾರರೇಖೆಯ ಕಡೆಗೆ. ಕಾರಣ ನೇರವಾಗಿದೆ. ಶಾಖವನ್ನು ಭಾಗಿಸುವುದು ಲಿಗಾಂಡಿನ ಮೋಲ್‌ಗಳಿಂದ. ಲಿಗಾಂಡ್ ನಾವು ಅಂದುಕೊಂಡದ್ದಕ್ಕಿಂತ ಶೇ. 10 ಕಡಿಮೆಯಿದ್ದರೆ ಎಂಥಾಲ್ಪಿಯೂ ಶೇ. 10 ಕಡಿಮೆ ಬರುತ್ತದೆ, ಸ್ಥಿರಾಂಕವೂ ಕೆಡುತ್ತದೆ. ಕೋಶದ ಪ್ರೋಟೀನಿನ ಸಾಂದ್ರತೆ ತಪ್ಪಿದರೆ ಇಷ್ಟು ಹಾನಿಯಿಲ್ಲ, ಅದರ ಪೆಟ್ಟೆಲ್ಲ ಬೀಳುವುದು ಅನುಪಾತದ ಮೇಲೆ.

ಹಾಗಾಗಿ ಅನುಭವಿಗಳ ಕಣ್ಣು ಮೊದಲು ಹೋಗುವುದು ಅನುಪಾತಕ್ಕೆ. ಅದು 1ರ ಬದಲು 0.8 ಬಂದರೆ ಐದರಲ್ಲಿ ಒಂದು ಪಾಲು ಪ್ರೋಟೀನ್ ಕೆಟ್ಟುಹೋಗಿರಬಹುದು, ಅಥವಾ ಸಿರಿಂಜಿನಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು ಲಿಗಾಂಡ್ ಇರಬಹುದು. ವಕ್ರರೇಖೆ ಎರಡರಲ್ಲೂ ಅಷ್ಟೇ ಅಂದವಾಗಿ ಕಾಣುತ್ತದೆ. 0.5 ಬಂದರೆ ಎರಡು ಪ್ರೋಟೀನ್ ಸೇರಿ ಒಂದು ಲಿಗಾಂಡನ್ನು ಹಿಡಿಯುತ್ತಿರಲೂಬಹುದು. ಕಾರ್ಬಾನಿಕ್ ಅನ್‌ಹೈಡ್ರೇಸ್ ವಿಷಯದಲ್ಲಿ ಈ ಕೊನೆಯ ಅನುಮಾನ ಉಳಿಯಲಿಲ್ಲ. ಅದೇ ಅಧ್ಯಯನದಲ್ಲಿ ಕಿಣ್ವವನ್ನು ಅಲ್ಟ್ರಾಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಅದು ದ್ರಾವಣದಲ್ಲಿ ಒಂಟಿಯಾಗಿಯೇ ಇರುತ್ತದೆ ಎಂದು ಬೇರೆಯಾಗಿ ಖಚಿತಪಡಿಸಿಕೊಂಡಿದ್ದರು.