ಅಳಿಸಬಾರದ ಅಂಕೆ

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಒಂದು ದಿನ ಒಬ್ಬ ತಾಯಿಯವರು ಮಗಳ ಜೀವಶಾಸ್ತ್ರದ ಪ್ರಯೋಗಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಅವರ ಮಾತು ಇಷ್ಟೇ: "ಅಮ್ಮಾ, ನನ್ನ ಮಗಳ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ, ಗೆರೆ ನೇರವಾಗಿ ಬಂದಿದೆ. ಅವಳ ಜೊತೆಯ ಹುಡುಗಿಯ ಪುಸ್ತಕದಲ್ಲಿ ಒಂದು ಅಂಕೆ ಎಲ್ಲಿಗೋ ಹೋಗಿದೆ, ಇನ್ನೊಂದು ಇಲ್ಲವೇ ಇಲ್ಲ. ಆದರೂ ಅವಳಿಗೇ ಹೆಚ್ಚು ಅಂಕ ಹೇಗೆ ಬಂತು?" ಆ ಪ್ರಶ್ನೆ ನ್ಯಾಯವಾದದ್ದು. ಅಂದು ನಾನು ಕೊಟ್ಟ ಉತ್ತರ ಅವಸರದ್ದಾಗಿತ್ತು. ಅದನ್ನೇ ಈಗ ಸಾವಕಾಶವಾಗಿ, ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ತಿಳಿಯುವಂತೆ ಬರೆಯಲು ಯತ್ನಿಸುತ್ತೇನೆ.

ಪ್ರಯೋಗವು ನಿಮ್ಮಲ್ಲಿ ಅನೇಕರು ಮಾಡಿರತಕ್ಕದ್ದೇ. ಆಲೂಗೆಡ್ಡೆಯನ್ನು ಕೊರೆಯುವ ಕೊಳವೆಯಿಂದ ಕೊರೆದು, ಒಂದೇ ದಪ್ಪದ, 4 ಸೆಂಟಿಮೀಟರ್ ಉದ್ದದ ತುಂಡುಗಳನ್ನು ಮಾಡಿಕೊಳ್ಳುವುದು. ಪ್ರತಿಯೊಂದನ್ನೂ ತೂಗಿ ಬರೆದುಕೊಳ್ಳುವುದು. ಬೇರೆ ಬೇರೆ ಬಲದ ಸಕ್ಕರೆನೀರಿನಲ್ಲಿ ಎರಡು ಗಂಟೆ ಮುಳುಗಿಸಿಟ್ಟು, ಹೊರತೆಗೆದು, ಮೇಲಿನ ನೀರನ್ನು ಒತ್ತುಕಾಗದದಿಂದ ಒರಸಿ, ಮತ್ತೆ ತೂಗುವುದು. ಹೊರಗಿನ ನೀರು ತೆಳುವಾಗಿದ್ದರೆ ಜೀವಕೋಶಗಳು ನೀರನ್ನು ಒಳಕ್ಕೆ ಎಳೆದುಕೊಂಡು ತುಂಡು ಬಿರುಸಾಗುತ್ತದೆ, ತೂಕ ಏರುತ್ತದೆ. ಹೊರಗೆ ಸಕ್ಕರೆ ಹೆಚ್ಚಾಗಿದ್ದರೆ ನೀರು ಹೊರಕ್ಕೆ ಹೋಗಿ ತುಂಡು ಬಳುಕುತ್ತದೆ, ತೂಕ ಇಳಿಯುತ್ತದೆ. ಏರದೆ ಇಳಿಯದೆ ನಿಲ್ಲುವ ಬಲ ಯಾವುದೆಂದು ಕಂಡುಹಿಡಿಯುವುದೇ ಪ್ರಯೋಗದ ಪ್ರಶ್ನೆ.

ಎರಡನೆಯ ಹುಡುಗಿ ಐದು ಬಗೆಯ ದ್ರವಗಳನ್ನು ತೆಗೆದುಕೊಂಡಳು: ಬರಿಯ ನೀರು, ಮತ್ತು ಲೀಟರಿಗೆ 68, 137, 205, 274 ಗ್ರಾಂ ಸಕ್ಕರೆ ಕರಗಿಸಿದ ನೀರು. ಒಂದೊಂದಕ್ಕೆ ಮೂರು ಗಾಜಿನ ನಳಿಗೆಗಳು, ನಳಿಗೆಗೆ ಒಂದು ತುಂಡು. ಬರಿಯ ನೀರಿನಲ್ಲಿ ಮೂರೂ ಶೇಕಡಾ 8ರ ಆಸುಪಾಸಿನಲ್ಲಿ ಏರಿದವು. 68 ಗ್ರಾಮಿನ ದ್ರವದಲ್ಲಿ ಸರಾಸರಿ 2.7 ಏರಿತು, 137ರಲ್ಲಿ ಸರಾಸರಿ 4.0 ಇಳಿಯಿತು. ಇಲ್ಲಿಯವರೆಗೆ ಎಲ್ಲವೂ ಸರಿ. 205ರಲ್ಲಿ ಒಂದು ತುಂಡು 8.9 ಇಳಿದಿತ್ತು, ಇನ್ನೊಂದು 9.7 ಇಳಿದಿತ್ತು, ಮೂರನೆಯದು ಮಾತ್ರ 2.6 ಏರಿತ್ತು! 274ರಲ್ಲಿ ಎರಡು ತುಂಡುಗಳು 12.8 ಮತ್ತು 13.4 ಇಳಿದವು, ಮೂರನೆಯದು ಚಿಮುಟದಿಂದ ಜಾರಿ, ತೊಳೆಯುವ ತೊಟ್ಟಿಯ ಕೊಳವೆಯೊಳಗೆ ಹೋಯಿತು.

ಈ ಎರಡು ಅನಾಹುತಗಳು ಒಂದೇ ಜಾತಿಯವೆಂದು ನಮ್ಮ ಹುಡುಗಿಯರು ಭಾವಿಸುತ್ತಾರೆ. ಅವು ಒಂದೇ ಅಲ್ಲ. ತೊಟ್ಟಿಗೆ ಹೋದ ತುಂಡು ಕೆಟ್ಟುಹೋದ ಪ್ರಯತ್ನ. ಅದರ ಕಾರಣ ಎಲ್ಲರ ಕಣ್ಣೆದುರಿಗೆ ನಡೆಯಿತು, ಅದೂ ಅಂಕೆಯನ್ನು ನೋಡುವುದಕ್ಕೆ ಮುಂಚೆ. ಅದನ್ನು ಬಿಡುವುದರಲ್ಲಿ ನಮ್ಮ ಇಷ್ಟಾನಿಷ್ಟಗಳಿಗೆ ಎಡೆಯೇ ಇಲ್ಲ. ಅದರ ಮನೆಯಲ್ಲಿ "ತೂಗುವ ಮೊದಲು ಕಳೆದುಹೋಯಿತು, ಸರಾಸರಿ ಎರಡು ತುಂಡುಗಳದು" ಎಂದು ಬರೆದರೆ ಕೆಲಸ ಮುಗಿಯಿತು. ಅಲ್ಲಿ ಸೊನ್ನೆ ಹಾಕುವುದು ಮಾತ್ರ ದೊಡ್ಡ ತಪ್ಪು. ಸೊನ್ನೆಯೆಂದರೆ ತುಂಡು ಏರಲೂ ಇಲ್ಲ, ಇಳಿಯಲೂ ಇಲ್ಲ ಎಂದರ್ಥ. ಅದು ಒಂದು ಫಲಿತಾಂಶ, ಫಲಿತಾಂಶದ ಅಭಾವವಲ್ಲ. ಉಳಿದೆರಡರ ಸರಾಸರಿಯನ್ನೇ ಮೂರನೆಯದೆಂದು ತುಂಬುವುದಂತೂ ಹುಸಿ.

ಏರಿದ ತುಂಡಿನ ವಿಷಯ ಬೇರೆ. ಅದು ತಪ್ಪೆಂದು ನಮಗೆ ಅನ್ನಿಸಿದ್ದು ಅಂಕೆಯನ್ನು ಕಂಡ ಮೇಲೆ. ಅಂದರೆ ಅದರ ಮೇಲಿನ ನಮ್ಮ ದೂರು, ಅದು ನಾವು ನಿರೀಕ್ಷಿಸಿದಂತೆ ನಡೆಯಲಿಲ್ಲವೆಂಬುದೇ. ಇಷ್ಟರಿಂದಲೇ ಅದನ್ನು ಹೊಡೆದುಹಾಕಿದರೆ, ಪ್ರಯೋಗವು ನಮಗೆ ಏನನ್ನೂ ಕಲಿಸಲಾರದು. ನಾವೇ ಅದಕ್ಕೆ ಪಾಠ ಹೇಳಿಕೊಟ್ಟಂತಾಗುತ್ತದೆ. ಮೂರರಲ್ಲಿ ಹತ್ತಿರವಿರುವ ಎರಡನ್ನು ಆರಿಸಿಕೊಳ್ಳುವ ಒಂದು ವಾಡಿಕೆಯುಂಟು. ಯಾವ ಮೂರು ಅಂಕೆಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಎರಡು ಮೂರನೆಯದಕ್ಕಿಂತ ಪರಸ್ಪರ ಹತ್ತಿರವಿರುವುದು ಸಹಜವೇ. ಹಾಗೆ ಆರಿಸಿದವಳ ಪುಸ್ತಕದಲ್ಲಿ ತಕ್ಕಡಿಯೂ ಕೈಯೂ ಇಲ್ಲದ ನಿಖರತೆ ಇದ್ದಂತೆ ತೋರುತ್ತದೆ.

ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು. ಕೈಯಲ್ಲಿ ರಬ್ಬರೂ ಇತ್ತು. "ಟೀಚರ್, ಇದು ನಳಿಗೆ ಅದಲುಬದಲಾಗಿ ಬಂದದ್ದು. 68 ಗ್ರಾಮಿನಲ್ಲಿ ಹೀಗೆಯೇ ಏರಿತ್ತಲ್ಲ? ಹಾಗೆಂದು ಬರೆದು ಅಳಿಸಿಬಿಡಲೇ?" ಎಂದು ಕೇಳಿದಳು. ಮೇಲುನೋಟಕ್ಕೆ ಅದು ಒಪ್ಪುವ ಮಾತೇ. ಆದರೆ ಎರಡು ನಳಿಗೆಗಳು ಅದಲುಬದಲಾಗಿದ್ದರೆ, 68ರ ಗುಂಪಿನಲ್ಲಿ ಒಂದು ತುಂಡು ಸುಮಾರು 9ರಷ್ಟು ಇಳಿದಿರಬೇಕಷ್ಟೆ? ಆ ಗುಂಪಿನಲ್ಲಿ ಅಂಥದ್ದು ಒಂದೂ ಇಲ್ಲ, ಮೂರೂ ಏರಿವೆ. ಆದುದರಿಂದ ಆ ಕಾರಣ ನಿಲ್ಲುವುದಿಲ್ಲ. ಚರ್ಚೆಯ ಭಾಗದಲ್ಲಿ ಬರೆಯುವ ಕಾರಣಗಳೆಲ್ಲವನ್ನೂ ಹೀಗೆಯೇ ಪರೀಕ್ಷಿಸಬೇಕು: ಇದು ನಿಜವಾಗಿದ್ದರೆ ಪುಸ್ತಕದಲ್ಲಿ ಇನ್ನೇನು ಕಾಣಬೇಕಾಗಿತ್ತು? "ಪ್ರಯೋಗದೋಷದಿಂದ ಹೀಗಾಯಿತು" ಎಂಬ ವಾಕ್ಯವನ್ನು ನಾನು ನೂರಾರು ಪುಸ್ತಕಗಳಲ್ಲಿ ಓದಿದ್ದೇನೆ. ಅದು ಕಾರಣವಲ್ಲ, ಕ್ಷಮಾಪಣೆ.

ತುಂಡನ್ನು ಚೆನ್ನಾಗಿ ಒರಸದೆ ತೂಗಿರಬಹುದೇ? ಅದನ್ನೂ ಲೆಕ್ಕ ಹಾಕಿದೆವು. ಇಷ್ಟು ವ್ಯತ್ಯಾಸ ಬರಬೇಕಾದರೆ ಸುಮಾರು ಮೂರನೆಯ ಒಂದು ಗ್ರಾಂ ನೀರು, ಎಂದರೆ ಆರೇಳು ಹನಿ, ಆ ಪುಟ್ಟ ತುಂಡಿಗೆ ಅಂಟಿರಬೇಕು. ತೊಟ್ಟಿಕ್ಕುತ್ತಿರುವ ತುಂಡನ್ನು ತಕ್ಕಡಿಯ ಮೇಲಿಟ್ಟರೆ ಕಣ್ಣಿಗೆ ಬೀಳದೆ ಇರುವುದಿಲ್ಲ.

ಆಗ ಅವಳು ತಾನೇ ಪುಸ್ತಕದ ಹಿಂದಿನ ಹಾಳೆಗೆ ಹೋದಳು. ಹದಿನೈದು ತುಂಡುಗಳಲ್ಲಿ ಹದಿನಾಲ್ಕರ ಮೊದಲ ತೂಕ 3.3ರಿಂದ 3.5 ಗ್ರಾಮಿನೊಳಗಿದೆ, ಈ ಒಂದರದು 3.02. ಒಂದೇ ಕೊಳವೆಯಿಂದ ಕೊರೆದು ಒಂದೇ ಉದ್ದಕ್ಕೆ ಕತ್ತರಿಸಿದ ತುಂಡು ಅಷ್ಟು ಹಗುರವಾಗಿರಬೇಕಾದರೆ ಸುಮಾರು ಅರ್ಧ ಸೆಂಟಿಮೀಟರ್ ಗಿಡ್ಡವಾಗಿರಬೇಕಿತ್ತು. ಇನ್ನೊಂದು ಸಾಕ್ಷಿಯೂ ಸಿಕ್ಕಿತು: ಹೊರತೆಗೆಯುವಾಗ, ತೂಗುವುದಕ್ಕೆ ಮುಂಚೆಯೇ, "205: ಮೂರೂ ಬಳುಕುತ್ತವೆ" ಎಂದು ಅವಳು ಬರೆದಿದ್ದಳು. ನೀರು ಕುಡಿದು ತೂಕ ಏರಿದ ತುಂಡು ಬಿರುಸಾಗಿರಬೇಕೇ ಹೊರತು ಬಳುಕಲಾರದು. ಮೊದಲ ತೂಕವು 3.42 ಆಗಿದ್ದು, ಬರೆಯುವಾಗ 3.02 ಆಯಿತೆಂದು ಊಹಿಸಿದರೆ, ಕೊನೆಯ ತೂಕವಾದ 3.10ಕ್ಕೆ ಹೋಲಿಸಿದಾಗ ಇಳಿತವು ಶೇಕಡಾ 9.4 ಆಗುತ್ತದೆ, ಉಳಿದೆರಡರ ಜೊತೆಗೆ ಸರಿಯಾಗಿ ಕೂಡುತ್ತದೆ.

ಇಷ್ಟು ಸಿಕ್ಕ ಮೇಲೆ 3.02ನ್ನು 3.42 ಎಂದು ತಿದ್ದಬಹುದೇ? ಕೂಡದು. ನಾಲ್ಕನ್ನು ನಾವು ಕಂಡವರಲ್ಲ, ಊಹಿಸಿದವರು; ಊಹೆಯು ಬಲವಾಗಿದೆ, ಅಷ್ಟೇ. ಅದು 3.38 ಕೂಡ ಆಗಿದ್ದಿರಬಹುದು. ಫಲಿತಾಂಶದ ಪಟ್ಟಿಯಲ್ಲಿ ತಕ್ಕಡಿಯ ಪಕ್ಕದಲ್ಲಿ ಬರೆದ ಅಂಕೆಯೇ ಇರತಕ್ಕದ್ದು; ಊಹೆಯ ಸ್ಥಳ ಚರ್ಚೆಯ ಭಾಗ. ಹುಡುಗಿ ಪಟ್ಟಿಯಲ್ಲಿ +2.6ನ್ನು ಹಾಗೆಯೇ ಇಟ್ಟು, ಅದಕ್ಕೆ ಒಂದು ನಕ್ಷತ್ರದ ಗುರುತು ಹಾಕಿದಳು. ಮೂರನ್ನೂ ಸೇರಿಸಿದ ಸರಾಸರಿ −5.3, ಗುರುತಿನ ಅಂಕೆಯನ್ನು ಬಿಟ್ಟ ಸರಾಸರಿ −9.3, ಎರಡನ್ನೂ ಬರೆದಳು. ನಕ್ಷೆಯಲ್ಲಿ ಆ ಚುಕ್ಕೆಯನ್ನು ಹಾಕಿ ಸುತ್ತ ವೃತ್ತ ಎಳೆದಳು. ಗೆರೆಯನ್ನು ಅದನ್ನು ಬಿಟ್ಟು ಎಳೆದುದಾಗಿ ಕೆಳಗೆ ತಿಳಿಸಿದಳು. ಚರ್ಚೆಯಲ್ಲಿ ಅವಳು ಬರೆದದ್ದು ಹೀಗಿತ್ತು: "ಈ ತುಂಡಿನ ಮೊದಲ ತೂಕವು ಉಳಿದೆಲ್ಲವುಗಳಿಗಿಂತ ಕಡಿಮೆಯಾಗಿದೆ, ತುಂಡು ಮಾತ್ರ ಬಳುಕುತ್ತಿತ್ತು. ಮೊದಲ ತೂಕವನ್ನು ತಪ್ಪಾಗಿ ಬರೆದಿರಬಹುದೆಂದು ತೋರುತ್ತದೆ, ಆದರೆ ಈಗ ಅದನ್ನು ಸಿದ್ಧಪಡಿಸಲಾಗುವುದಿಲ್ಲ."

ಇದರಿಂದ ಅವಳ ಉತ್ತರ ಕೆಟ್ಟಿತೇ? ತೂಕ ಬದಲಾಗದೆ ನಿಲ್ಲುವ ಬಲವು, 2.7 ಏರಿದ 68ಕ್ಕೂ 4.0 ಇಳಿದ 137ಕ್ಕೂ ನಡುವೆ ಇದೆ. ಆ ಎರಡು ಚುಕ್ಕೆಗಳ ನಡುವಿನ ಗೆರೆ ಸೊನ್ನೆಯನ್ನು ದಾಟುವುದು ಸುಮಾರು 96 ಗ್ರಾಮಿನಲ್ಲಿ. ಗಲಾಟೆ ಮಾಡಿದ ತುಂಡು 205ರಲ್ಲಿದ್ದುದರಿಂದ ಅದನ್ನು ಸೇರಿಸಿದರೂ ಬಿಟ್ಟರೂ ಈ 96 ಕದಲುವುದಿಲ್ಲ. ಈ ಸಂಗತಿಯನ್ನೂ ಅವಳು ಬರೆದಳು. ನಾನು ಹೆಚ್ಚು ಅಂಕ ಕೊಟ್ಟದ್ದು ಮುಖ್ಯವಾಗಿ ಈ ವಾಕ್ಯಕ್ಕೆ. ಅದೇ ತುಂಡು 68ರಲ್ಲೋ 137ರಲ್ಲೋ ಇದ್ದಿದ್ದರೆ ಉತ್ತರವೇ ಅಲುಗಾಡುತ್ತಿತ್ತು. ಆಗ "ಖಂಡಿತವಾಗಿ ಹೇಳಲಾಗದು" ಎಂದೇ ಬರೆಯಬೇಕಾಗುತ್ತಿತ್ತು.

ಇನ್ನು ಆ ತಾಯಿಯವರ ಮಗಳ ಪುಸ್ತಕ. ಅದರಲ್ಲಿ ಹದಿನೈದು ತುಂಡುಗಳೂ ಇದ್ದವು, ಪ್ರತಿ ಗುಂಪಿನ ಮೂರು ಅಂಕೆಗಳೂ ಒಂದಕ್ಕೊಂದು 0.2ರೊಳಗಿದ್ದವು. ಆಲೂಗೆಡ್ಡೆ ಅಷ್ಟು ವಿಧೇಯವಾದ ಪದಾರ್ಥವಲ್ಲ. ಕರೆದು ಮೆಲ್ಲಗೆ ಕೇಳಿದಾಗ, ಪ್ರತಿ ಗುಂಪಿನಲ್ಲಿ ಒಂದನ್ನೇ ತೂಗಿ ಉಳಿದೆರಡನ್ನು ಅದರ ಪಕ್ಕಕ್ಕೆ ಬರೆದೆನೆಂದು ಮಗು ಒಪ್ಪಿಕೊಂಡಳು. ಅವಳನ್ನು ನಾನು ಬಹಳ ಬೈಯಲಿಲ್ಲ. ನಾನೇ ಹುಡುಗಿಯಾಗಿದ್ದಾಗ ಪಠ್ಯಪುಸ್ತಕದ ಅಂಕೆಗೆ ಹೊಂದುವಂತೆ ಒಂದು ಅಂಕೆಯನ್ನು ತಿದ್ದಿ, ಅದಕ್ಕೆ "ಬಹಳ ಚೆನ್ನಾಗಿದೆ" ಎನ್ನಿಸಿಕೊಂಡವಳು. ಅಂದವಾದ ಪುಸ್ತಕಕ್ಕೇ ಅಂಕ ಕೊಡುವ ಉಪಾಧ್ಯಾಯಿನಿಯು ಈ ಪಾಪದಲ್ಲಿ ಪಾಲುಗಾರಳು.

ದೊಡ್ಡವರು ಹೇಗೆ ನಡೆದರೆಂಬುದಕ್ಕೆ ಒಂದು ನಿದರ್ಶನವನ್ನು ಆ ತಾಯಿಯವರಿಗೆ ತೋರಿಸಿದೆ. ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿದ ಮಠವಾಸಿ ಗ್ರೆಗೊರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಾಯಿಯ ಬಣ್ಣದ ಪ್ರಯೋಗವೊಂದರಲ್ಲಿ ಎರಡಕ್ಕೆ ಒಂದು ಎಂಬ ಪ್ರಮಾಣ ಬರಬೇಕಾಗಿದ್ದಲ್ಲಿ, ನೂರು ಗಿಡಗಳಲ್ಲಿ 60ಕ್ಕೆ 40 ಬಂದಿತೆಂದು ಬರೆದಿದ್ದಾನೆ. ಅದು ಎಲ್ಲಕ್ಕಿಂತ ಹೆಚ್ಚು ದೂರ ಹೋದದ್ದರಿಂದ ಮತ್ತೆ ಮಾಡಿದನು. 65ಕ್ಕೆ 35 ಬಂತು. ಹಳೆಯದನ್ನು ಮುಚ್ಚದೆ ಎರಡನ್ನೂ ಅಚ್ಚು ಹಾಕಿಸಿದನು. ಆದರೂ ಆತನ ಒಟ್ಟು ಅಂಕೆಗಳು ನಿರೀಕ್ಷೆಗೆ ಅತಿಯಾಗಿ ಹೊಂದುತ್ತವೆಂದು ಆರ್. ಎ. ಫಿಶರ್ 1936ರಲ್ಲಿ ತೋರಿಸಿದರು. ಆ ವಾದ ಬಹಳ ಕಾಲ ನಡೆದಿದೆ. ನನಗೆ ಅದರಲ್ಲಿ ಕಾಣುವ ಎಚ್ಚರಿಕೆಯೊಂದುಂಟು: ನಮಗೆ ಹಿಡಿಸದ ಫಲಿತಾಂಶವನ್ನು ಮಾತ್ರ ಮತ್ತೆ ಮಾಡಿ, ಹಿಡಿಸಿದ್ದನ್ನು ಹಾಗೆಯೇ ಬಿಡುವುದೂ ಮೆಲ್ಲಗೆ ತಕ್ಕಡಿಯ ಒಂದು ತಟ್ಟೆಯನ್ನು ಒತ್ತಿದಂತೆಯೇ.

ಆದುದರಿಂದ ಮುಂದಿನ ವಾರ ಆ ಇಬ್ಬರು ಹುಡುಗಿಯರನ್ನೂ ಜೊತೆಗೆ ಕೂರಿಸಿ, 205ನ್ನು ಮಾತ್ರವಲ್ಲದೆ 137ನ್ನೂ ಮತ್ತೆ ಮಾಡಿಸಿದೆ. ಒಬ್ಬಳು ತಕ್ಕಡಿಯನ್ನು ಓದಿ ಗಟ್ಟಿಯಾಗಿ ಹೇಳಿದಳು. ಇನ್ನೊಬ್ಬಳು ಬರೆದು, ಬರೆದದ್ದನ್ನು ತಿರುಗಿ ಓದಿ ಹೇಳಿದಳು. 205ರಲ್ಲಿ ಮೂರೂ 8ಕ್ಕೂ 10ಕ್ಕೂ ನಡುವೆ ಇಳಿದವು. 137ರಲ್ಲಿ ಇಳಿತವು ಮೊದಲಿಗಿಂತ ಸ್ವಲ್ಪ ಕಡಿಮೆಯಾಗಿ, ಸರಾಸರಿ 3.1 ಬಂತು. ಈ ಸಲದ ಆಲೂಗೆಡ್ಡೆ ಬೇರೆ. ಗೆಡ್ಡೆಯಿಂದ ಗೆಡ್ಡೆಗೆ ಒಳಗಿನ ಸಕ್ಕರೆಯೂ ಲವಣಗಳೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಆ ಕಾರಣ ಹೊಸ ಅಂಕೆಗಳನ್ನು ಹಳೆಯ ಸರಾಸರಿಯೊಳಗೆ ಬೆರೆಸದೆ, "ಎರಡನೆಯ ಗೆಡ್ಡೆ" ಎಂಬ ತಲೆಬರಹದ ಕೆಳಗೆ ಬೇರೆಯಾಗಿ ಬರೆದರು. ನಕ್ಷತ್ರದ ಗುರುತಿನ +2.6 ಮೊದಲ ಪಟ್ಟಿಯಲ್ಲಿ ಇದ್ದಲ್ಲಿಯೇ ಉಳಿಯಿತು.