ಹೆಸರನ್ನು ನಂಬಿ ಸೇರುವ ಮೊಬೈಲು: ಹಳೆಯ ವೈಫೈ ಪಟ್ಟಿಯನ್ನು ಹಸನುಗೊಳಿಸುವ ಬಗೆ

ಕಳೆದ ವೈಶಾಖದಲ್ಲಿ ನಮ್ಮ ಹಿರಿಯಣ್ಣನವರ ಮಗಳ ಮದುವೆಯು ಧಾರವಾಡದ ಒಂದು ಕಲ್ಯಾಣ ಮಂಟಪದಲ್ಲಿ ನೆರವೇರಿತು. ಅಕ್ಷತೆ ಮುಗಿದು ಊಟದ ಪಂಕ್ತಿಗಳು ಸಾಗಿದ್ದ ಹೊತ್ತಿಗೆ ಹೂವಿನ ಅಲಂಕಾರ ಮಾಡಿದವರು ತಮ್ಮ ಬಾಕಿ 8,500 ರೂಪಾಯಿಗಳಿಗಾಗಿ ನಮ್ಮ ಬಳಿಗೆ ಬಂದರು. ನಾವು ಮೊಬೈಲು ತೆಗೆದು ಅವರ ಸಂಕೇತ ಚೌಕವನ್ನು ಸ್ಕ್ಯಾನ್ ಮಾಡಿ, ಗುಪ್ತ ಸಂಖ್ಯೆಯನ್ನೂ ಒತ್ತಿದೆವು. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು; ತಿರುಗುತ್ತಲೇ ಉಳಿಯಿತು. ಹಣ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಅವರ ಮೊಬೈಲಿಗೆ ಸಂದೇಶವೂ ಬರಲಿಲ್ಲ. ಎರಡನೆಯ ಬಾರಿ ಒತ್ತಲು ನಾವು ಬೆರಳೆತ್ತಿದಾಗ, ಪಕ್ಕದಲ್ಲಿ ನಿಂತಿದ್ದ ತಮ್ಮನ ಮಗ ನಮ್ಮ ಕೈ ತಡೆದನು.

“ತಡೀರಿ ಕಾಕಾ, ಮತ್ತ ಒತ್ತಬ್ಯಾಡ್ರಿ. ನಿಮ್ಮ ಮೊಬೈಲು ಈ ಮಂಟಪದ ವೈಫೈಗೆ ತಾನ ಹೋಗಿ ಕುಂತೈತಿ ನೋಡ್ರಿ.”

ಅವನು ಮೊದಲು ವೈಫೈಯನ್ನು ನಿಲ್ಲಿಸಿದನು. ಬಳಿಕ ಹಣ ಕಳುಹಿಸುವ ಆ್ಯಪಿನ ಲೆಕ್ಕದ ಪುಟವನ್ನು ತೆರೆದು, ಆ ಪಾವತಿ ವಿಫಲವಾಗಿದೆ ಎಂಬುದನ್ನು ಖಚಿತಪಡಿಸಿಕೊಂಡು, ಮೊಬೈಲಿನ ಸ್ವಂತ ಡೇಟಾದ ಮೂಲಕ ಮತ್ತೊಮ್ಮೆ ಕಳುಹಿಸಲು ಹೇಳಿದನು. ಕ್ಷಣಮಾತ್ರದಲ್ಲಿ ಕೆಲಸ ಮುಗಿಯಿತು. ಆದರೆ ಒಂದು ಪ್ರಶ್ನೆ ಉಳಿಯಿತು. ಆ ದಿನ ನಾವು ಯಾವ ವೈಫೈಯನ್ನೂ ಕೇಳಿರಲಿಲ್ಲ; ಯಾರ ಬಳಿಯೂ ಪಾಸ್‌ವರ್ಡ್ ಪಡೆದಿರಲಿಲ್ಲ. ಮೊಬೈಲು ಅಲ್ಲಿಗೆ ಸೇರಿದ್ದಾದರೂ ಹೇಗೆ?

ಯೋಚಿಸಿದಾಗ ನೆನಪಾಯಿತು. ಎರಡು ವರ್ಷಗಳ ಹಿಂದೆ ಇದೇ ಮಂಟಪದಲ್ಲಿ ಬೀಗರ ಮನೆಯ ಮದುವೆಯೊಂದಿತ್ತು. ಉಗ್ರಾಣದ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ನೋಡಿ, ಅಂದು ಪಾಸ್‌ವರ್ಡನ್ನು ನಾವೇ ತುಂಬಿದ್ದೆವು. ನಾವು ಮರೆತಿದ್ದೆವು, ಮೊಬೈಲು ಮರೆತಿರಲಿಲ್ಲ.

ಮೊಬೈಲು ಏನನ್ನು ನೆನಪಿಡುತ್ತದೆ ಎಂಬುದನ್ನು ಇಲ್ಲಿ ತಿಳಿಯಬೇಕು. ನಾವು ಒಂದು ವೈಫೈಗೆ ಸೇರಿದಾಗ ಅದು ಮುಖ್ಯವಾಗಿ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳುತ್ತದೆ: ಆ ಜಾಲದ ಹೆಸರು, ಅದಕ್ಕೆ ಬೀಗವಿದೆಯೇ ಇಲ್ಲವೇ ಮತ್ತು ಅದು ಯಾವ ಬಗೆಯ ಬೀಗ ಎಂಬುದು, ಬೀಗವಿದ್ದರೆ ಅದರ ಪಾಸ್‌ವರ್ಡ್. ಮುಂದೆ ಎಲ್ಲಿಯೇ ಆಗಲಿ ಅದೇ ಹೆಸರು, ಅದೇ ಬಗೆಯ ಬೀಗ ಗಾಳಿಯಲ್ಲಿ ಕಂಡರೆ ತಾನಾಗಿಯೇ ಸೇರಲು ಮುಂದಾಗುತ್ತದೆ. ಅದು ಯಾವ ಊರು, ಯಾವ ಕಟ್ಟಡ, ಅದರ ಒಡೆಯರು ಯಾರು ಎಂಬ ವಿಚಾರಣೆಯನ್ನು ಅದು ಮಾಡುವುದಿಲ್ಲ. ಮನೆಯ ರೌಟರ್ ಪೆಟ್ಟಿಗೆಯನ್ನು ಬದಲಿಸಿ, ಹೊಸದಕ್ಕೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಇಟ್ಟರೆ ಮನೆಯ ಮೊಬೈಲುಗಳೆಲ್ಲ ಏನೂ ಕೇಳದೆ ಸೇರಿಬಿಡುವುದು ಸಾಮಾನ್ಯವಾಗಿ ಇದೇ ಕಾರಣದಿಂದ. ಅನುಕೂಲವೂ ತೊಂದರೆಯೂ ಒಂದೇ ಗುಣದಿಂದ ಹುಟ್ಟಿವೆ.

‘ಇಂಟರ್ನೆಟ್ ಬಾರದ ವೈಫೈಯನ್ನು ಮೊಬೈಲು ತಾನೇ ಬಿಟ್ಟು, ಡೇಟಾಕ್ಕೆ ಮರಳಬಾರದೇ?’ ಎಂದು ಓದುಗರು ಕೇಳಬಹುದು. ಅನೇಕ ಮೊಬೈಲುಗಳು ಹಾಗೆ ಮಾಡುವುದುಂಟು. ಸೇರಿದೊಡನೆ ಒಂದು ಅತಿ ಚಿಕ್ಕ ವಿನಂತಿಯನ್ನು ಹೊರಗೆ ಕಳುಹಿಸಿ, ಉತ್ತರ ಬಂದರೆ ‘ಇಂಟರ್ನೆಟ್ ಇದೆ’ ಎಂದು ತೀರ್ಮಾನಿಸುತ್ತವೆ. ಬಾರದಿದ್ದರೆ ವೈಫೈ ಗುರುತಿನ ಬಳಿ ಆಶ್ಚರ್ಯಸೂಚಕ ಚಿಹ್ನೆ ತೋರಿಸುತ್ತವೆ. ಪೂರ್ತಿ ಸತ್ತ ಜಾಲವು ಹೀಗೆ ಸಿಕ್ಕಿಬೀಳುತ್ತದೆ. ಆದರೆ ಇನ್ನೂರು ಜನ ಏರಿ ಕುಳಿತ, ಉಸಿರು ಮಾತ್ರ ಉಳಿದ ಜಾಲವು ಆ ಚಿಕ್ಕ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಮೊಬೈಲು ಅದನ್ನೇ ನಂಬಿ ಕೂರುತ್ತದೆ. ನಮ್ಮ ಪಾವತಿ ನಡುದಾರಿಯಲ್ಲಿ ನಿಲ್ಲುತ್ತದೆ. ಮಂಟಪದಲ್ಲಿ ನಡೆದದ್ದು ಇದೇ.

ಇದಕ್ಕಿಂತ ಹೆಚ್ಚಿನ ಎಚ್ಚರವನ್ನು ಬೇಡುವುದು ಬೀಗವಿಲ್ಲದ ಜಾಲ. ಬೀಗವಿರುವ ಜಾಲದ ಹೆಸರನ್ನು ಬೇರೊಬ್ಬರು ತಮ್ಮ ಪೆಟ್ಟಿಗೆಗೆ ಇಟ್ಟರೂ ಪಾಸ್‌ವರ್ಡ್ ಹೊಂದದ ಕಾರಣ ನಮ್ಮ ಮೊಬೈಲು ಅದಕ್ಕೆ ಸೇರಲಾರದು. ಬೀಗವಿಲ್ಲದ್ದಕ್ಕೆ ಹೆಸರೊಂದೇ ಗುರುತು. ನಮ್ಮ ರೈಲು ನಿಲ್ದಾಣಗಳ ಉಚಿತ ವೈಫೈಯನ್ನೇ ನೋಡಿರಿ. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ಆರಂಭವಾದ ಈ ಸೇವೆ ಈಗ ಸಾವಿರಾರು ನಿಲ್ದಾಣಗಳಿಗೆ ಹಬ್ಬಿದೆ. RailWire ಎಂಬ ಹೆಸರಿನ ಈ ಜಾಲಕ್ಕೆ ಸೇರಲು ಪಾಸ್‌ವರ್ಡ್ ಬೇಕಿಲ್ಲ; ಸೇರಿದ ಮೇಲೆ ತೆರೆಯುವ ಪುಟದಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು, ಬರುವ ಒಟಿಪಿ ತುಂಬಬೇಕು. ಸೇವೆಯಲ್ಲಿ ದೋಷವಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ನಿಲ್ದಾಣದ ಹೊರಗಿನ ಯಾವನೋ ಒಬ್ಬನು ತನ್ನ ಪೆಟ್ಟಿಗೆಗೆ ಅದೇ ಹೆಸರಿಟ್ಟರೆ, ಹಿಂದೊಮ್ಮೆ ಆ ಹೆಸರಿಗೆ ಸೇರಿದ್ದ ಮೊಬೈಲು ಅವನ ಬಳಿಗೂ ಹೋಗಿ ನಿಲ್ಲಬಲ್ಲದು. ಬ್ಯಾಂಕಿನ ಆ್ಯಪುಗಳು ತಮ್ಮ ವ್ಯವಹಾರವನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳುಹಿಸುವುದರಿಂದ ಅವನು ಅದನ್ನು ಸುಲಭವಾಗಿ ಓದಲಾರ. ಆದರೆ ಆರಂಭದ ಪುಟದ ವೇಷದಲ್ಲಿ ಸಂಖ್ಯೆ, ಒಟಿಪಿ, ಇಮೇಲಿನ ಪಾಸ್‌ವರ್ಡ್ ಕೇಳಬಲ್ಲ. ಕೇಳಿದ್ದನ್ನೆಲ್ಲ ತುಂಬುವ ರೂಢಿ ನಮ್ಮ ಹಿರಿಯರಿಗೆ ಇದ್ದೇ ಇದೆ.

ಮದುವೆಯ ಮಾರನೆಯ ದಿನ, ನೆಂಟರು ಹೊರಟ ಮೇಲೆ, ನಮ್ಮ ಮೊಬೈಲಿನ ಪಟ್ಟಿಯನ್ನು ತೆರೆದು ಕುಳಿತೆವು. ಅದರಲ್ಲಿ 41 ಹೆಸರುಗಳಿದ್ದವು! ಮೊಬೈಲು ಕೊಂಡು ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಹೊಸ ಮೊಬೈಲಿಗೆ ಹಳೆಯದರ ಬ್ಯಾಕಪ್ಪನ್ನು ಇಳಿಸುವಾಗ ವೈಫೈ ಹೆಸರುಗಳೂ ಅವುಗಳ ಪಾಸ್‌ವರ್ಡುಗಳೂ ಜೊತೆಯಲ್ಲಿಯೇ ಬಂದಿದ್ದವು. ಮಗ ಓದುತ್ತಿದ್ದ ವಸತಿಗೃಹ, ಯಾತ್ರೆಯಲ್ಲಿ ತಂಗಿದ್ದ ಲಾಡ್ಜು, ಅವ್ವನನ್ನು ಸೇರಿಸಿದ್ದ ಆಸ್ಪತ್ರೆ, ಎಂದೋ ಬಿಟ್ಟ ಬಾಡಿಗೆ ಮನೆ ಎಲ್ಲವೂ ಅಲ್ಲಿದ್ದವು.

ಹೆಸರುಗಳನ್ನು ನಾವು ಮೂರು ಗುಂಪು ಮಾಡಿದೆವು. ಮೊದಲನೆಯದು ಬೀಗವಿಲ್ಲದವು, ಹಲವು ಮೊಬೈಲುಗಳಲ್ಲಿ ಹೆಸರನ್ನು ಒತ್ತಿದಾಗ Security ಎಂಬ ಸಾಲಿನಲ್ಲಿ None ಎಂದಿದ್ದರೆ ಅದು ಬೀಗವಿಲ್ಲದ್ದು. ಇಂಥವು 14 ಇದ್ದವು. ಒಂದನ್ನೂ ಉಳಿಸದೆ ಅಳಿಸಿದೆವು. ಬೇಕಾದಾಗ ಮತ್ತೆ ಸೇರಲು ಪಾಸ್‌ವರ್ಡೇ ಬೇಡವಾದ್ದರಿಂದ ಅಳಿಸುವುದರಿಂದ ನಷ್ಟವಿಲ್ಲ. ಎರಡನೆಯದು ಬೀಗವಿದ್ದೂ ನಾವು ಮತ್ತೆ ಹೋಗದ ಅಥವಾ ಯಾವುದೆಂದು ನೆನಪೇ ಆಗದ ಜಾಲಗಳು, ಇವು 19. ಇವುಗಳನ್ನೂ ಅಳಿಸಿದೆವು. ಉಳಿದ ಎಂಟರಲ್ಲಿ ನಮ್ಮ ಮನೆ, ಕಚೇರಿ, ಮಗನ ಮನೆ, ಮಗಳ ಮನೆ, ಅಣ್ಣನವರ ಮನೆ ಈ ಐದನ್ನು ಇದ್ದಂತೆಯೇ ಬಿಟ್ಟೆವು. ಆಸ್ಪತ್ರೆ, ಕಲ್ಯಾಣ ಮಂಟಪ, ಮಗನ ಊರಿನ ಗ್ರಂಥಾಲಯ ಈ ಮೂರು ಆಗಾಗ ಬೇಕಾಗುತ್ತವೆ. ಆದರೆ ತಾವಾಗಿಯೇ ಸೇರುವುದು ಬೇಡ. ಇವುಗಳ ಹೆಸರು ಉಳಿಸಿ, ತಾನಾಗಿ ಸೇರುವ ಗುಂಡಿಯನ್ನು ಮಾತ್ರ ಆರಿಸಿದೆವು. ಹೀಗೆ ಮಾಡಿದರೆ ಪಾಸ್‌ವರ್ಡ್ ಅಳಿಯುವುದಿಲ್ಲ. ನಾವು ಹೆಸರನ್ನು ಒತ್ತಿದಾಗ ಮಾತ್ರ ಮೊಬೈಲು ಸೇರುತ್ತದೆ.

ಪಟ್ಟಿ ಇರುವ ಸ್ಥಳವು ಮೊಬೈಲಿನಿಂದ ಮೊಬೈಲಿಗೆ ಬೇರೆ. ಗೂಗಲ್ ಪಿಕ್ಸೆಲ್‌ನಂಥ ಆಂಡ್ರಾಯ್ಡ್ ಮೊಬೈಲುಗಳಲ್ಲಿ Settings ತೆರೆದು Network & internet, ಅದರೊಳಗೆ Internet, ಅದರ ಕೆಳತುದಿಯಲ್ಲಿ Saved networks ಎಂದಿರುತ್ತದೆ. ಸ್ಯಾಮ್‌ಸಂಗ್‌ನಲ್ಲಿ Settings, Connections, Wi-Fi ಎಂದು ಸಾಗಿ, ಮೇಲಿನ ಮೂರು ಚುಕ್ಕೆಗಳನ್ನು ಒತ್ತಿ ಒಳಹೊಕ್ಕರೆ Manage networks ಸಿಗುತ್ತದೆ. ಸಿಗದಿದ್ದರೆ Settings ಪುಟದ ಹುಡುಕುವ ಪಟ್ಟಿಯಲ್ಲಿ saved networks ಅಥವಾ manage networks ಎಂದು ಬರೆದು ನೋಡಬಹುದು. ಹೆಸರನ್ನು ಒತ್ತಿದರೆ Forget ಎಂಬ ಗುಂಡಿ ಬರುತ್ತದೆ, ಅಳಿಸುವುದು ಅದೇ. ತಾನಾಗಿ ಸೇರುವ ಗುಂಡಿಗೆ Auto-connect ಅಥವಾ Auto reconnect ಎಂಬ ಹೆಸರಿರುತ್ತದೆ. ಐಫೋನಿನಲ್ಲಿ Settings, Wi-Fi ತೆರೆದು ಮೇಲ್ತುದಿಯ Edit ಒತ್ತಬೇಕು. ಮುಖ ಅಥವಾ ಗುಪ್ತ ಸಂಖ್ಯೆ ಕೇಳಿ ಪಟ್ಟಿ ತೆರೆಯುತ್ತದೆ. ಹೆಸರಿನ ಪಕ್ಕದ ಕೆಂಪು ಗುರುತು ಒತ್ತಿ ಅಳಿಸಬಹುದು. ಅಲ್ಲಿ ತಾನಾಗಿ ಸೇರುವ ಗುಂಡಿಯ ಹೆಸರು Auto-Join. ಈ ಪೂರ್ತಿ ಪಟ್ಟಿ ಐಫೋನಿಗೆ ಬಂದದ್ದು 2022ರ ಐಒಎಸ್ 16ರಿಂದ. ಅದಕ್ಕೂ ಹಿಂದಿನ ಆವೃತ್ತಿಯಿದ್ದರೆ, ಆ ಜಾಲದ ಹತ್ತಿರ ಹೋದಾಗಲೇ ಅದನ್ನು ಅಳಿಸಲು ಸಾಧ್ಯ.

ಅಳಿಸುವ ಮುನ್ನ ಎರಡು ಎಚ್ಚರಿಕೆಗಳು. ಒಂದು, ಮನೆಯ ಜಾಲದ ಹೆಸರು ಮತ್ತು ಪಾಸ್‌ವರ್ಡನ್ನು ಮನೆಯ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಮೊದಲು ಬರೆದಿಡಿರಿ. ಬೆರಳು ತಪ್ಪಿ ಅದನ್ನೇ ಅಳಿಸಿದರೆ ಮತ್ತೆ ತುಂಬಬೇಕಾಗುತ್ತದೆ. ಇನ್ನೊಂದು, ಐಫೋನು, ಐಪ್ಯಾಡು, ಮ್ಯಾಕ್ ಇವು ಒಂದೇ ಖಾತೆಯಲ್ಲಿದ್ದು ಐಕ್ಲೌಡ್ ಕೀಚೈನ್ ನಡೆಯುತ್ತಿದ್ದರೆ, ಒಂದರಲ್ಲಿ ಅಳಿಸಿದ ಹೆಸರು ಉಳಿದವುಗಳಿಂದಲೂ ಹೋಗುತ್ತದೆ. ತಂದೆ ಮಕ್ಕಳು ಒಂದೇ ಖಾತೆಯನ್ನು ಬಳಸುವ ಮನೆಗಳಲ್ಲಿ ಇದನ್ನು ಮರೆಯಬಾರದು. ಒಂದೊಂದಾಗಿ ಅಳಿಸುವುದು ಬೇಸರವೆಂದು ಕೆಲವರು ನೆಟ್‌ವರ್ಕ್ ಜೋಡಣೆಗಳನ್ನೆಲ್ಲ ಒಮ್ಮೆಲೇ ತೆಗೆದುಬಿಡುತ್ತಾರೆ. ಅದರಿಂದ ಮನೆಯ ವೈಫೈಯೂ ಹೋಗುತ್ತದೆ. ಆಂಡ್ರಾಯ್ಡಿನಲ್ಲಿ ಅವ್ವನ ಕಿವಿಯ ಯಂತ್ರಕ್ಕೋ ಕಾರಿಗೋ ಮಾಡಿದ ಬ್ಲೂಟೂತ್ ಜೋಡಣೆಯೂ ಹೋಗಬಹುದು. ಆ ದಾರಿ ಬೇಡ.

‘ನಾವು ಮನೆಯಿಂದ ಹೊರಡುವಾಗ ವೈಫೈ ಆರಿಸಿಯೇ ಹೊರಡುತ್ತೇವೆ’ ಎನ್ನುವವರಿಗೂ ಒಂದು ಮಾತು. ಐಫೋನಿನಲ್ಲಿ ಮೇಲಿನಿಂದ ಎಳೆಯುವ ಫಲಕದಲ್ಲಿ ಆರಿಸಿದರೆ ಅದು ತಾತ್ಕಾಲಿಕ ಮಾತ್ರ. ಬೇರೆ ಸ್ಥಳಕ್ಕೆ ಹೋದಾಗ ಅಥವಾ ಬೆಳಗಿನ 5 ಗಂಟೆಗೆ ತಾನಾಗಿ ಸೇರುವ ಕ್ರಿಯೆ ಮತ್ತೆ ಶುರುವಾಗುತ್ತದೆ. ಕೆಲವು ಆಂಡ್ರಾಯ್ಡ್ ಮೊಬೈಲುಗಳೂ ಪಟ್ಟಿಯಲ್ಲಿರುವ ಜಾಲದ ಬಳಿ ಬಂದಾಗ ವೈಫೈಯನ್ನು ತಾವೇ ಹಚ್ಚಿಕೊಳ್ಳುತ್ತವೆ. ಆದುದರಿಂದ ಪಟ್ಟಿಯನ್ನೇ ಹಸನುಗೊಳಿಸುವುದು ಗಟ್ಟಿಯಾದ ಉಪಾಯ.

ಮೊನ್ನೆ ನಾಮಕರಣವೊಂದಕ್ಕೆ ಅದೇ ಮಂಟಪಕ್ಕೆ ಹೋಗಿದ್ದೆವು. ಅಡುಗೆಯವರಿಗೆ ಹಣ ಕಳುಹಿಸುವ ಮುನ್ನ ಪರದೆಯ ಮೇಲಂಚನ್ನು ನೋಡಿದೆವು. ವೈಫೈ ಗುರುತು ಇರಲಿಲ್ಲ. ಪಾವತಿ ಒಂದೇ ಸಲಕ್ಕೆ ಮುಗಿಯಿತು. ಮನೆಗೆ ಬಂದು ಅವ್ವನ ಮೊಬೈಲನ್ನು ತೆಗೆದುಕೊಂಡೆವು. ಅದರಲ್ಲಿ 23 ಹೆಸರುಗಳಿದ್ದವು. ಅವ್ವನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಒಂದೊಂದನ್ನೂ ಓದಿ ಹೇಳಿ, ಬೇಕೋ ಬೇಡವೋ ಎಂದು ಕೇಳಿ ಅಳಿಸುತ್ತ ಹೋದೆವು. ಕೊನೆಗೆ ಉಳಿದದ್ದು ಎರಡು: ನಮ್ಮ ಮನೆ, ಮಗಳ ಮನೆ.